ಸರಾಸರಿಗಿಂತ ಮೊದಲು ಸಾಲು: ಎಂ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಈ ವರ್ಷ ಹೊಸ ಪ್ರಶ್ನಾವಳಿ ಕಟ್ಟುತ್ತಿರುವ ಎಂ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳೇ,

"ಟೂಲನ್ನು ತಜ್ಞರಿಂದ ವ್ಯಾಲಿಡೇಟ್ ಮಾಡಿಸಲಾಯಿತು. ಸಿವಿಐ 0.9 ಬಂದಿತು." ಡಿಸರ್ಟೇಶನ್ನಿನ ವಿಧಾನದ ಅಧ್ಯಾಯದಲ್ಲಿ ಈ ಎರಡು ಸಾಲು ಬರೆದು, ಹಿಂದೆ ಅನುಬಂಧದಲ್ಲಿ ತಜ್ಞರ ಸಹಿ ಇರುವ ಸರ್ಟಿಫಿಕೇಟುಗಳನ್ನು ಲಗತ್ತಿಸಿದರೆ ಕೆಲಸ ಮುಗಿಯಿತು ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ವೈವಾದಲ್ಲಿ ಯಾರಾದರೂ "ಯಾವ ಸಿವಿಐ?" ಎಂದು ಕೇಳಿದರೆ ಮೌನ. ಎಷ್ಟು ಜನ ತಜ್ಞರು, ಯಾವ ಹೇಳಿಕೆಗೆ ಯಾರು ಬೇಡ ಎಂದರು, ಬೇಡ ಎಂದದ್ದಕ್ಕೆ ಏನು ಮಾಡಿದಿರಿ ಎಂಬ ಪ್ರಶ್ನೆಗಳಿಗೆ ಆ 0.9ರಲ್ಲಿ ಉತ್ತರವಿಲ್ಲ. ಆ ಉತ್ತರಗಳೆಲ್ಲ ಇದ್ದದ್ದು ತಜ್ಞರು ತುಂಬಿ ಕಳಿಸಿದ ಹಾಳೆಗಳಲ್ಲಿ. ಹಾಳೆಗಳು ಫೈಲಿಗೆ ಹೋದವು, ಅಂಕಿ ಅಧ್ಯಾಯಕ್ಕೆ ಬಂತು.

ಟೂಲ್ ಬರೆಯುವುದನ್ನು ಕಲಿಸುವವಳು ನಾನು. ಬೇರೆಯವರ ಟೂಲುಗಳಿಗೆ ತಜ್ಞೆಯಾಗಿ ಅಂಕ ಹಾಕುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಲೆಕ್ಕ ಬಹಳ ಸುಲಭ, ಐದನೇ ತರಗತಿಯ ಭಾಗಾಕಾರ ಗೊತ್ತಿದ್ದರೆ ಸಾಕು. ಕಷ್ಟ ಇರುವುದು ಆ ಲೆಕ್ಕವನ್ನು ಓದುವುದರಲ್ಲಿ. ಅದಕ್ಕಾಗಿ ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುತ್ತೇನೆ. ಇದರ ಅಂಕಗಳು ಯಾವುದೋ ಅಧ್ಯಯನದಿಂದ ಬಂದವಲ್ಲ, ವಿಷಯ ತೋರಿಸಲು ನಾನೇ ಹೆಣೆದವು. ಆದರೆ ಇಂಥ ಹಾಳೆಗಳು ನಿಮ್ಮ ಕೈಗೂ ಬರುತ್ತವೆ.

ವಿಷಯ ಬೆಡ್‌ಸೋರ್. ಮಲಗಿದಲ್ಲೇ ಇರುವ ರೋಗಿಗಳಿಗೆ ಬೆಡ್‌ಸೋರ್ ಆಗದಂತೆ ನೋಡಿಕೊಳ್ಳುವಾಗ ಮೆಡಿಕಲ್ ವಾರ್ಡ್ ಮತ್ತು ಐಸಿಯು ನರ್ಸ್‌ಗಳಿಗೆ ಏನೇನು ಅಡಚಣೆ ಎದುರಾಗುತ್ತದೆ ಎಂದು ತಿಳಿಯುವ ಪ್ರಶ್ನಾವಳಿ. ಹತ್ತು ಹೇಳಿಕೆಗಳಿವೆ. ಆರು ಜನ ತಜ್ಞರು: ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಬೋಧಿಸುವ ಇಬ್ಬರು, ಗಾಯದ ಆರೈಕೆಯಲ್ಲೇ ಕೆಲಸ ಮಾಡುವ ಒಬ್ಬ ನರ್ಸ್, ಐಸಿಯು ಇನ್‌ಚಾರ್ಜ್ ಸಿಸ್ಟರ್, ಒಬ್ಬ ನರ್ಸಿಂಗ್ ಸೂಪರಿಂಟೆಂಡೆಂಟ್, ಒಬ್ಬ ಪ್ಲಾಸ್ಟಿಕ್ ಸರ್ಜನ್.

ಈ ಪಟ್ಟಿಯಲ್ಲಿ ಸ್ಟ್ಯಾಟಿಸ್ಟಿಷಿಯನ್ ಇಲ್ಲ, ಕನ್ನಡ ಉಪನ್ಯಾಸಕರೂ ಇಲ್ಲ, ಗಮನಿಸಿ. ಇಬ್ಬರ ಸಹಾಯವೂ ನಿಮಗೆ ಬೇಕು. ಆದರೆ ಬೆಡ್‌ಸೋರ್ ತಡೆಯುವ ಕೆಲಸಕ್ಕೆ ಈ ಹೇಳಿಕೆ ಸಂಬಂಧಿಸಿದೆಯೇ ಎಂದು ತೀರ್ಮಾನಿಸಬಲ್ಲವರು ಅವರಲ್ಲ. ಅವರಿಗೂ ಅದೇ ಹಾಳೆ ಕೊಟ್ಟರೆ ಸೌಜನ್ಯಕ್ಕೆ ಎಲ್ಲದಕ್ಕೂ 4 ಹಾಕಿ ಕಳಿಸುತ್ತಾರೆ, ನಿಮ್ಮ ಸಿವಿಐ ಪುಕ್ಕಟೆಯಾಗಿ ಏರುತ್ತದೆ. ಯಾರ ಅಂಕ ಲೆಕ್ಕಕ್ಕೆ ಸೇರಬೇಕೆಂಬುದನ್ನು ಹಾಳೆ ಕಳಿಸುವ ಮೊದಲೇ ಗೈಡ್ ಜೊತೆ ಕೂತು ಬರೆದಿಡಿ. ಅಂಕ ಬಂದಮೇಲೆ ಆರಿಸಿದರೆ ಅದು ಆಯ್ಕೆಯಲ್ಲ, ಸೋಸುವಿಕೆ.

ಇನ್ನು ಹಾಳೆಯ ವಿಷಯ. ನಮ್ಮ ಕಾಲೇಜುಗಳಲ್ಲಿ ಕೈಯಿಂದ ಕೈಗೆ ಬಂದಿರುವ ಮೂರು ಕಾಲಮ್ಮಿನ ಚೆಕ್‌ಲಿಸ್ಟ್ ನಿಮಗೆ ಗೊತ್ತು: ಪ್ರಸ್ತುತ, ತಿದ್ದುಪಡಿ ಬೇಕು, ಅಪ್ರಸ್ತುತ. ಅದರಲ್ಲಿ ನಡುವಿನ ಕಾಲಮ್ಮಿನದೇ ತೊಂದರೆ. ತಿದ್ದುಪಡಿ ಬೇಕು ಎಂದವರು ಹೇಳಿಕೆಯ ಪರವೋ ವಿರುದ್ಧವೋ? ಒಬ್ಬರು ಅದನ್ನು ಪರ ಎಂದು ಎಣಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಎರಡಕ್ಕೂ ಸಿವಿಐ ಎಂದೇ ಹೆಸರು. ನರ್ಸಿಂಗ್ ಸಂಶೋಧನೆಯಲ್ಲಿ ನಾಲ್ಕು ಅಂಕದ ಮಾಪಕ ರೂಢಿಗೆ ಬಂದದ್ದು ಈ ನಡುಗಟ್ಟೆಯನ್ನು ತೆಗೆದುಹಾಕಲು. 1 ಎಂದರೆ ಪ್ರಸ್ತುತವಲ್ಲ, 2 ಎಂದರೆ ಸ್ವಲ್ಪ ಮಟ್ಟಿಗೆ, 3 ಎಂದರೆ ಸಾಕಷ್ಟು, 4 ಎಂದರೆ ಬಹಳ ಪ್ರಸ್ತುತ. 3 ಮತ್ತು 4 ಹಾಕಿದವರು ಪರ, 1 ಮತ್ತು 2 ಹಾಕಿದವರು ವಿರುದ್ಧ. ನಡುವೆ ನಿಲ್ಲಲು ಜಾಗವಿಲ್ಲ.

ಹಾಳೆಯ ಮೇಲ್ಭಾಗದಲ್ಲಿ ನೀವು ಅಳೆಯಹೊರಟಿರುವುದು ಏನು ಎಂದು ನಾಲ್ಕೈದು ಸಾಲಿನಲ್ಲಿ ಬರೆಯಿರಿ. ತಡೆಗಟ್ಟುವಿಕೆಯೋ ಚಿಕಿತ್ಸೆಯೋ, ಅಡಚಣೆಯೋ ತಿಳಿವಳಿಕೆಯೋ, ಯಾವ ವಾರ್ಡುಗಳ ಯಾವ ನರ್ಸ್‌ಗಳಿಗೆ. ನನಗೆ ಬರುವ ಟೂಲುಗಳಲ್ಲಿ ಹೆಚ್ಚಿನವುಗಳಲ್ಲಿ ಇದು ಇರುವುದಿಲ್ಲ. ಅಧ್ಯಯನದ ಶೀರ್ಷಿಕೆ ಮತ್ತು ಉದ್ದೇಶಗಳ ಪುಟ ಇರುತ್ತದೆ, ಅದರಿಂದ ಗಡಿ ತಿಳಿಯುವುದಿಲ್ಲ. ಗಡಿ ಗೊತ್ತಿಲ್ಲದ ತಜ್ಞರು ತಮ್ಮ ತಮ್ಮ ಗಡಿ ಹಾಕಿಕೊಂಡು ಅಂಕ ಕೊಡುತ್ತಾರೆ. ಉದಾಹರಣೆಯ ಏಳನೇ ಹೇಳಿಕೆಯಲ್ಲಿ ಇದರ ಫಲ ಕಾಣುತ್ತದೆ.

ಆರು ಹಾಳೆಗಳು ವಾಪಸ್ ಬಂದಿವೆ ಎಂದಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ಒಂದೊಂದು ಹೇಳಿಕೆಗೆ ಒಂದೊಂದು ಸಾಲು, ಒಬ್ಬೊಬ್ಬ ತಜ್ಞರಿಗೆ ಒಂದೊಂದು ಕಾಲಮ್, B ಇಂದ G ವರೆಗೆ. ಹೇಳಿಕೆಯ ಮಟ್ಟದ ಸಿವಿಐ, ಅಂದರೆ ಐ-ಸಿವಿಐ, ಇಷ್ಟೇ: 3 ಅಥವಾ 4 ಕೊಟ್ಟವರ ಸಂಖ್ಯೆಯನ್ನು ಅಂಕ ಕೊಟ್ಟವರ ಒಟ್ಟು ಸಂಖ್ಯೆಯಿಂದ ಭಾಗಿಸುವುದು.

```
=COUNTIF(B2:G2,">=3")/COUNT(B2:G2)
```

ಕೆಳಗಿನ ಭಾಜಕಕ್ಕೆ ನೇರವಾಗಿ 6 ಎಂದು ಬರೆಯದೆ COUNT ಬಳಸಲು ಕಾರಣವಿದೆ. ಯಾರಾದರೂ ಒಂದು ಸಾಲನ್ನು ಖಾಲಿ ಬಿಟ್ಟಿದ್ದರೆ 6ರಿಂದ ಭಾಗಿಸಿದಾಗ ಅವರ ಮೌನ ವಿರೋಧವಾಗಿ ಲೆಕ್ಕಕ್ಕೆ ಬರುತ್ತದೆ. ಖಾಲಿ ಬಿಟ್ಟವರಿಗೆ ಫೋನ್ ಮಾಡಿ ಕೇಳುವುದು ಇನ್ನೂ ಒಳ್ಳೆಯದು.

ನಮ್ಮ ಹತ್ತು ಸಾಲುಗಳಲ್ಲಿ ಆರಕ್ಕೆ ಎಲ್ಲರೂ 3 ಅಥವಾ 4 ಕೊಟ್ಟಿದ್ದಾರೆ, ಅವುಗಳ ಐ-ಸಿವಿಐ 1.00. ಮೂರು ಮತ್ತು ಆರನೇ ಹೇಳಿಕೆಗೆ ಐದು ಜನರ ಒಪ್ಪಿಗೆ, ಐ-ಸಿವಿಐ 0.83. ಹತ್ತನೆಯದಕ್ಕೆ ನಾಲ್ವರು, 0.67. ಏಳನೆಯದಕ್ಕೆ ಮೂವರೇ, 0.50.

ಎಷ್ಟಿದ್ದರೆ ಸಾಕು? ಮೇರಿ ಲಿನ್ 1986ರಲ್ಲಿ ನರ್ಸಿಂಗ್ ರಿಸರ್ಚ್ ಪತ್ರಿಕೆಯ ಲೇಖನವೊಂದರಲ್ಲಿ ಕೊಟ್ಟ ನಿಯಮವನ್ನೇ ಇಂದಿಗೂ ಎಲ್ಲರೂ ಹಿಡಿದಿರುವುದು. ತಜ್ಞರು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲ್ಲರೂ ಒಪ್ಪಬೇಕು. ಆರು ಅಥವಾ ಹೆಚ್ಚಿದ್ದರೆ ಸ್ವಲ್ಪ ಭಿನ್ನಾಭಿಪ್ರಾಯಕ್ಕೆ ಜಾಗವುಂಟು, ಆದರೆ ಐ-ಸಿವಿಐ 0.78ಕ್ಕಿಂತ ಕೆಳಗೆ ಇಳಿಯಬಾರದು. ಆರು ಜನರ ಮಂಡಳಿಯಲ್ಲಿ ಇದರರ್ಥ ಒಬ್ಬರು ಬೇಡ ಎನ್ನಬಹುದು, ಇಬ್ಬರು ಬೇಡ ಎಂದರೆ ಹೇಳಿಕೆಯನ್ನು ಮತ್ತೆ ನೋಡಬೇಕು. ಹೀಗೆ ನೋಡಿದರೆ ನಮ್ಮ ಮೂರನೆಯದು ಮತ್ತು ಆರನೆಯದು ಪಾಸು, ಏಳು ಮತ್ತು ಹತ್ತು ಫೇಲು.

ನಿಮ್ಮಲ್ಲಿ ಬಹುಪಾಲು ಜನ ಇಲ್ಲಿಗೆ ನಿಲ್ಲುತ್ತೀರಿ. ನಾನು ಶುರು ಮಾಡುವುದು ಇಲ್ಲಿಂದ.

ಪಾಸಾದ ಎರಡನ್ನೇ ಮೊದಲು ತೆಗೆದುಕೊಳ್ಳೋಣ. ಆರನೇ ಹೇಳಿಕೆ: "ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವುದರಿಂದ ರೋಗಿಯನ್ನು ಹೊರಳಿಸಲು ಆಗುವುದಿಲ್ಲ." ಇದಕ್ಕೆ 2 ಕೊಟ್ಟವರು ಸರ್ಜನ್. ಪಕ್ಕದಲ್ಲಿ ಬರೆದಿದ್ದಾರೆ: "ಪಾಳಿಯ ವ್ಯವಸ್ಥೆ ನನಗೆ ಅಷ್ಟು ಗೊತ್ತಿಲ್ಲ." ಪ್ರಾಮಾಣಿಕ ಮಾತು. ಪಾಳಿ ಮಾಡಿದವರೆಲ್ಲ 4 ಕೊಟ್ಟಿರುವಾಗ ಈ ವಿರೋಧದ ತೂಕ ಕಡಿಮೆ. ಹೇಳಿಕೆ ಉಳಿಯಲಿ.

ಮೂರನೇ ಹೇಳಿಕೆ: "ಎರಡು ಗಂಟೆಗೊಮ್ಮೆ ರೋಗಿಯ ಬೆನ್ನಿಗೆ ಮಸಾಜ್ ಮಾಡಲು ಸಮಯ ಸಿಗುವುದಿಲ್ಲ." ಐದು ಜನ ಒಪ್ಪಿದರು. ಗಾಯದ ಆರೈಕೆಯ ನರ್ಸ್ ಒಬ್ಬರೇ 1 ಹಾಕಿದರು, ಜೊತೆಗೆ ಒಂದು ಸಾಲು: "ಅಪಾಯದಲ್ಲಿರುವ ಚರ್ಮವನ್ನು ಉಜ್ಜಬಾರದು." ಅವರು ಹೇಳಿದ್ದು ಸರಿ. ಒತ್ತಡಕ್ಕೆ ಸಿಕ್ಕು ಕೆಂಪಾಗಿರುವ ಚರ್ಮದ ಮೇಲೆ, ಮೂಳೆ ಉಬ್ಬಿರುವ ಜಾಗಗಳ ಮೇಲೆ ತಿಕ್ಕಿ ಮಸಾಜ್ ಮಾಡುವುದನ್ನು ಬೆಡ್‌ಸೋರ್ ತಡೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಮೊದಲೇ ರಕ್ತ ಸಂಚಾರ ಕುಗ್ಗಿದ ಅಂಗಾಂಶಕ್ಕೆ ಉಜ್ಜುವಿಕೆಯಿಂದ ಇನ್ನಷ್ಟು ಪೆಟ್ಟಾಗಬಹುದು. ಆದರೆ ಬ್ಯಾಕ್ ಕೇರ್ ಎಂದರೆ ಸ್ಪಿರಿಟ್, ಪೌಡರ್ ಹಚ್ಚಿ ತಿಕ್ಕುವುದು ಎಂದು ಕಲಿತ ತಲೆಮಾರುಗಳು ನಮ್ಮಲ್ಲಿವೆ. ನಾನೂ ಪ್ರೊಸೀಜರ್ ಬುಕ್‌ನಲ್ಲಿ ಹಾಗೇ ಬರೆದಿದ್ದೆ. ಐದು ಜನ ತಜ್ಞರು ಒಪ್ಪಿದ್ದು ಆ ಅಭ್ಯಾಸವನ್ನು.

ಎರಡರ ಐ-ಸಿವಿಐಯೂ 0.83. ಒಂದರಲ್ಲಿ ವಿರೋಧ ಹೇಳಿದವರಿಗೆ ವಿಷಯ ಗೊತ್ತಿಲ್ಲ, ಇನ್ನೊಂದರಲ್ಲಿ ವಿರೋಧ ಹೇಳಿದವರಿಗೆ ಮಾತ್ರ ಗೊತ್ತಿದೆ. ಅಂಕಿ ಇವೆರಡರ ನಡುವೆ ಭೇದ ಮಾಡುವುದಿಲ್ಲ, ಮಾಡಲು ಅದಕ್ಕೆ ದಾರಿಯೂ ಇಲ್ಲ, ಏಕೆಂದರೆ ಅದು ತಲೆ ಎಣಿಸುತ್ತದೆ. ಹಾಗಾಗಿ 1.00ಕ್ಕಿಂತ ಕಡಿಮೆ ಬಂದ ಪ್ರತಿ ಸಾಲಿನಲ್ಲೂ, ಪಾಸಾಗಿದ್ದರೂ ಸರಿ, ಬೇಡ ಎಂದವರು ಯಾರು, ಏನು ಬರೆದರು ಎಂದು ನೋಡಿ. ನಮ್ಮ ಮೂರನೇ ಹೇಳಿಕೆ ಲೆಕ್ಕದಲ್ಲಿ ಪಾಸಾದರೂ ಹಾಗೇ ಉಳಿಯುವಂತಿಲ್ಲ. ಮಸಾಜ್ ತೆಗೆದು "ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಲು ಸಮಯ ಸಿಗುವುದಿಲ್ಲ" ಎಂದು ಬರೆದೆವು. ಟೀಕೆ ಬರೆಯುವ ಕಾಲಮ್ ಇಲ್ಲದ ಹಾಳೆಯಾಗಿದ್ದರೆ ಆ 1 ಅಂಕ ನಮಗೆ ಬರೀ ಒಂದು ಕೊರತೆಯಾಗಿ ಕಾಣುತ್ತಿತ್ತು.

ಈಗ ಫೇಲಾದವು. ಹತ್ತನೇ ಹೇಳಿಕೆ: "ನನ್ನ ವಾರ್ಡ್‌ನಲ್ಲಿ ಏರ್ ಬೆಡ್‌ಗಳು ಮತ್ತು ರೋಗಿಯನ್ನು ಹೊರಳಿಸಲು ಸಹಾಯಕರು ಸಾಕಷ್ಟಿಲ್ಲ." ಬೋಧಕರಿಬ್ಬರೂ 2 ಕೊಟ್ಟಿದ್ದಾರೆ. ಏರ್ ಬೆಡ್ ಇದ್ದು ಆಯಾ ಇಲ್ಲದ ವಾರ್ಡಿನವರು ಏನು ಉತ್ತರಿಸಬೇಕು ಎಂಬುದು ಅವರ ಪ್ರಶ್ನೆ. ವಿಷಯ ಎರಡೂ ಬೇಕಾದದ್ದೇ. ಕೆಟ್ಟಿರುವುದು ವಾಕ್ಯ. ಪ್ರಸ್ತುತತೆ ಕೇಳುವ ಕಾಲಮ್ ಒಂದನ್ನೇ ಕೊಟ್ಟರೆ ತಜ್ಞರು ಭಾಷೆಯ ಮೇಲಿನ ಸಿಟ್ಟನ್ನೂ ಅದರಲ್ಲೇ ತೋರಿಸುತ್ತಾರೆ. ಸ್ಪಷ್ಟತೆಗೆ ಪ್ರತ್ಯೇಕ ಕಾಲಮ್ ಕೊಡಿ, ಅದರ ಲೆಕ್ಕವೂ ಪ್ರತ್ಯೇಕವಾಗಿರಲಿ. 0.67 ಬಂತೆಂದು ಈ ಹೇಳಿಕೆಯನ್ನು ಕಿತ್ತು ಬಿಸಾಡಿದ್ದರೆ ನಮ್ಮ ಆಸ್ಪತ್ರೆಗಳ ಎರಡು ನಿಜವಾದ ಅಡಚಣೆಗಳು ಪ್ರಶ್ನಾವಳಿಯಿಂದಲೇ ಹೊರಹೋಗುತ್ತಿದ್ದವು. ಅದನ್ನು ಎರಡು ಹೇಳಿಕೆಗಳಾಗಿ ಒಡೆದೆವು.

ಏಳನೆಯದು: "ಬೆಡ್‌ಸೋರ್ ಆದಮೇಲೆ ಡ್ರೆಸ್ಸಿಂಗ್ ಮಾಡಲು ಬೇಕಾದ ಸಾಮಗ್ರಿ ಸಿಗುವುದಿಲ್ಲ." ಇನ್‌ಚಾರ್ಜ್ ಸಿಸ್ಟರ್, ಸೂಪರಿಂಟೆಂಡೆಂಟ್, ಸರ್ಜನ್ ಮೂವರೂ 4. ಬೋಧಕರು ಮತ್ತು ಗಾಯದ ಆರೈಕೆಯ ನರ್ಸ್ ಮೂವರೂ 1 ಅಥವಾ 2. ಮಂಡಳಿ ಸರಿಯಾಗಿ ಎರಡು ಹೋಳು. ಹೀಗೆ ಎರಡು ತುದಿಗೆ ಅಂಕ ನಿಂತಿದ್ದರೆ ಹೇಳಿಕೆಯನ್ನು ಬಿಟ್ಟು ನಿಮ್ಮ ವ್ಯಾಖ್ಯೆಯನ್ನು ಅನುಮಾನಿಸಿ. ಆಸ್ಪತ್ರೆಯಲ್ಲಿ ದಿನವೂ ಸಾಮಗ್ರಿಗೆ ಪರದಾಡುವವರಿಗೆ ಇದು ದೊಡ್ಡ ಅಡಚಣೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಗಾಯ ಆದಮೇಲಿನ ಮಾತು ತಡೆಗಟ್ಟುವಿಕೆಯಲ್ಲ. ಅಳೆಯುತ್ತಿರುವುದು ತಡೆಯ ಅಡಚಣೆ ಎಂದು ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ ಇದ್ದಿದ್ದರೆ ಈ ಹೋಳು ಬಹುಶಃ ಆಗುತ್ತಿರಲಿಲ್ಲ. ವ್ಯಾಖ್ಯೆಯ ಪ್ರಕಾರ ಹೇಳಿಕೆ ಹೊರಗೆ. ತೆಗೆದುಹಾಕಿದೆವು.

ಇನ್ನು ಇಡೀ ಪ್ರಶ್ನಾವಳಿಗೆ ಒಂದು ಅಂಕಿ, ಅಂದರೆ ಎಸ್-ಸಿವಿಐ. ಇದಕ್ಕೆ ಎರಡು ವಿಧಾನಗಳಿವೆ, ಒಂದೇ ಹೆಸರಿನಲ್ಲಿ ಎರಡು ಅಂಕಿಗಳು ಓಡಾಡುತ್ತಿವೆ ಎಂದು ಡೆನಿಸ್ ಪೋಲಿಟ್ ಮತ್ತು ಷೆರಿಲ್ ಬೆಕ್ 2006ರಲ್ಲೇ ಎಚ್ಚರಿಸಿದ್ದಾರೆ. ಮೊದಲನೆಯದು ಸರಾಸರಿ: ಎಲ್ಲ ಹೇಳಿಕೆಗಳ ಐ-ಸಿವಿಐ ಕೂಡಿಸಿ ಹೇಳಿಕೆಗಳ ಸಂಖ್ಯೆಯಿಂದ ಭಾಗಿಸುವುದು. ಎರಡನೆಯದು ಸರ್ವಸಮ್ಮತಿ: ಎಲ್ಲ ತಜ್ಞರೂ ಒಪ್ಪಿದ ಹೇಳಿಕೆಗಳ ಪ್ರಮಾಣ. ಮೊದಲ ಸುತ್ತಿನ ನಮ್ಮ ಹತ್ತು ಹೇಳಿಕೆಗಳಿಗೆ:

```
S-CVI/Ave = 53/60 = 0.88
S-CVI/UA  = 6/10  = 0.60
```

ಅದೇ ಹಾಳೆಗಳು, ಅದೇ ತಜ್ಞರು. ಒಂದು ಅಂಕಿ ಗೌರವದಿಂದ ಕೂತಿದೆ, ಇನ್ನೊಂದು ತಲೆ ತಗ್ಗಿಸಿದೆ. "ಸಿವಿಐ ಇಷ್ಟು" ಎಂದು ಬರೆದು ಯಾವುದೆಂದು ಹೇಳದಿದ್ದರೆ ಓದುವವರು ಏನು ತಿಳಿಯಬೇಕು? ಸರಾಸರಿಗೆ 0.90, ಸರ್ವಸಮ್ಮತಿಗೆ 0.80 ಎಂಬುದು ಸಾಮಾನ್ಯವಾಗಿ ಬಳಸುವ ಗಡಿ. ಸರ್ವಸಮ್ಮತಿಯ ವಿಧಾನಕ್ಕೆ ಒಂದು ಅನ್ಯಾಯವೂ ಅಂಟಿಕೊಂಡಿದೆ. ತಜ್ಞರು ಹೆಚ್ಚಿದಷ್ಟೂ ಯಾರಾದರೊಬ್ಬರು ಬೇಡ ಎನ್ನುವ ಸಂಭವ ಹೆಚ್ಚು, ಆದ್ದರಿಂದ ಶ್ರಮಪಟ್ಟು ಹತ್ತು ಜನರನ್ನು ಕೇಳಿದವರ ಅಂಕಿ ಮೂರೇ ಜನರನ್ನು ಕೇಳಿದವರ ಅಂಕಿಗಿಂತ ಕೆಳಗಿರುತ್ತದೆ. ಪೋಲಿಟ್ ಮತ್ತು ಬೆಕ್ ಸರಾಸರಿಯ ಕಡೆಗೆ ವಾಲಿದ್ದು ಇದೇ ಕಾರಣಕ್ಕೆ. ನನ್ನ ಸಲಹೆ ಎರಡನ್ನೂ ಬರೆಯಿರಿ ಎಂದು.

ಸರಾಸರಿಯೇನೂ ಸಾಚಾ ಅಲ್ಲ. ನಮ್ಮ ಉದಾಹರಣೆಯಲ್ಲೇ ನೋಡಿ. ಏಳನೇ ಹೇಳಿಕೆಯೊಂದನ್ನು ತೆಗೆದು ಉಳಿದ ಒಂಬತ್ತನ್ನು ಮುಟ್ಟದೆ ಬಿಟ್ಟರೆ ಸರಾಸರಿ 50/54, ಅಂದರೆ 0.93. ಗಡಿ ದಾಟಿತು! ಹತ್ತನೇ ಹೇಳಿಕೆ ಇನ್ನೂ 0.67ರಲ್ಲೇ ಇದೆ, ಮಸಾಜ್ ಇನ್ನೂ ಮೂರನೇ ಸಾಲಿನಲ್ಲಿದೆ. ಸರಾಸರಿ ಅವನ್ನು ಆರು ಒಳ್ಳೆಯ ಹೇಳಿಕೆಗಳ ಬೆನ್ನ ಹಿಂದೆ ಅಡಗಿಸಿಬಿಟ್ಟಿತು. ಗಡಿ ದಾಟುವವರೆಗೆ ಒಂದೊಂದೇ ಹೇಳಿಕೆ ಕಿತ್ತುಹಾಕುತ್ತಾ ಹೋಗುವ ಅಭ್ಯಾಸ ಕೆಲವರಿಗಿದೆ. ಅದು ಕಾಯಿಲೆ ಬಿಟ್ಟು ಚಾರ್ಟ್‌ನಲ್ಲಿ ಟೆಂಪರೇಚರ್ ತಿದ್ದುವ ಕೆಲಸ.

ಮೂರು ಜನ ತಜ್ಞರು ಸಾಲದೇ ಮೇಡಂ ಎಂದು ಪ್ರತಿ ಬ್ಯಾಚಿನವರೂ ಕೇಳುತ್ತೀರಿ. ಲಿನ್ ಹೇಳಿದ ಕನಿಷ್ಠ ಮೂರು, ಹತ್ತಕ್ಕಿಂತ ಹೆಚ್ಚು ಬೇಕಾಗಿಲ್ಲ ಎಂದೂ ಅವರೇ ಹೇಳಿದ್ದಾರೆ. ಆದರೆ ಮೂವರ ಒಪ್ಪಿಗೆ ಎಷ್ಟು ಗಟ್ಟಿ ಎಂದು ತಿಳಿಯಲು ಒಂದು ನಾಣ್ಯ ತೆಗೆದುಕೊಳ್ಳಿ. ತಜ್ಞರು ಹೇಳಿಕೆಯನ್ನು ಓದದೆ ನಾಣ್ಯ ಚಿಮ್ಮಿ ಬೇಕು, ಬೇಡ ಎಂದು ಗುರುತು ಹಾಕುತ್ತಿದ್ದಾರೆ ಎಂದುಕೊಳ್ಳಿ. ಮೂವರೂ ಆಕಸ್ಮಿಕವಾಗಿ "ಬೇಕು" ಎನ್ನುವ ಸಂಭವ ಎಂಟರಲ್ಲಿ ಒಂದು. ಹತ್ತು ಹೇಳಿಕೆಗಳಿದ್ದರೆ ಒಂದಾದರೂ ಹೇಳಿಕೆ ಯಾರೂ ಓದದೆಯೇ 1.00 ಪಡೆದರೆ ಆಶ್ಚರ್ಯವಿಲ್ಲ. ಆರು ಜನರಿದ್ದರೆ ಆ ಸಂಭವ ಅರವತ್ತನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ.

ಈ ಆಕಸ್ಮಿಕವನ್ನು ಕಳೆಯಲು 2007ರಲ್ಲಿ ಪೋಲಿಟ್, ಬೆಕ್ ಮತ್ತು ಸ್ಟೀವನ್ ಓವೆನ್ ಮಾರ್ಪಡಿಸಿದ ಕಪ್ಪಾ ಎಂಬ ಲೆಕ್ಕ ಕೊಟ್ಟರು. N ತಜ್ಞರ ಒಟ್ಟು ಸಂಖ್ಯೆ, A ಒಪ್ಪಿದವರ ಸಂಖ್ಯೆ:

```
Pc = [N! / (A!(N-A)!)] × 0.5^N
k* = (I-CVI - Pc) / (1 - Pc)
```

ಐದು ಜನ ಒಪ್ಪಿದ ಸಾಲಿಗೆ ಎಕ್ಸೆಲ್‌ನಲ್ಲಿ =COMBIN(6,5)*0.5^6 ಎಂದು ಹಾಕಿದರೆ ಆಕಸ್ಮಿಕದ ಪಾಲು 0.094 ಬರುತ್ತದೆ. ಅದನ್ನು ಕಳೆದರೆ 0.83 ಇದ್ದದ್ದು 0.82 ಆಗುತ್ತದೆ. ಹೆಚ್ಚೇನೂ ಸವೆಯಲಿಲ್ಲ. ಮೂವರು ಮಾತ್ರ ಒಪ್ಪಿದ ಏಳನೆಯದು ಮಾತ್ರ 0.50ರಿಂದ 0.27ಕ್ಕೆ ಕುಸಿಯುತ್ತದೆ. ಅಲ್ಲಿಯ ಒಪ್ಪಿಗೆಯಲ್ಲಿ ಬಹುಪಾಲು ಆಕಸ್ಮಿಕವೇ ಆಗಿರಬಹುದು ಎಂದರ್ಥ. 0.74ಕ್ಕಿಂತ ಮೇಲಿದ್ದರೆ ಅತ್ಯುತ್ತಮ, 0.60ರಿಂದ 0.74 ಉತ್ತಮ, 0.40ರಿಂದ 0.59 ಸಾಧಾರಣ ಎಂದು ಅವರು ವಿಂಗಡಿಸುತ್ತಾರೆ.

ಒಂದು ಕಡೆ ಮಾತ್ರ ಈ ಕಪ್ಪಾ ನಿಮ್ಮ ಕೈಬಿಡುತ್ತದೆ. ಎಲ್ಲರೂ ಒಪ್ಪಿದಾಗ ಮೇಲೂ ಕೆಳಗೂ ಒಂದೇ ಸಂಖ್ಯೆ ಬಂದು ಉತ್ತರ ಯಾವಾಗಲೂ 1.00 ಆಗುತ್ತದೆ, ತಜ್ಞರು ಆರಿರಲಿ, ಮೂರಿರಲಿ, ಇಬ್ಬರೇ ಇರಲಿ. ಅಂದರೆ ಗುರುತಿನ ಮೂವರಿಂದ ಎಲ್ಲದಕ್ಕೂ ಸೈ ಎನಿಸಿಕೊಂಡು ಬಂದ ಟೂಲನ್ನು ಯಾವ ಸೂತ್ರವೂ ಹಿಡಿದು ನಿಲ್ಲಿಸಲಾರದು. ಅದನ್ನು ಹಿಡಿಯುವ ಬೇರೆ ಗುರುತುಗಳಿವೆ. ಎಲ್ಲ ಸಾಲಿಗೂ ಒಂದೇ ಅಂಕ, ಟೀಕೆಯ ಕಾಲಮ್ ಪೂರ್ತಿ ಖಾಲಿ, ಕೊಟ್ಟ ದಿನವೇ ಸಹಿಯಾಗಿ ಬಂದ ಹಾಳೆ. ಇಂಥವು ಹೆಚ್ಚಿದ್ದರೆ ಇನ್ನಿಬ್ಬರು ತಜ್ಞರನ್ನು ಹುಡುಕಿ, ಈ ಸಲ ನಿಮ್ಮ ಕಾಲೇಜಿನ ಹೊರಗೆ.

3 ಮತ್ತು 4ನ್ನು ಒಂದೇ ಚೀಲಕ್ಕೆ ತುಂಬುವುದರಲ್ಲೂ ಒಂದು ಸೋರಿಕೆಯಿದೆ. ಲಿನ್ ಬಳಸಿದ ಮಾಪಕದಲ್ಲಿ 3 ಎಂದರೆ ಪ್ರಸ್ತುತ, ಆದರೆ ಸಣ್ಣ ತಿದ್ದುಪಡಿ ಬೇಕು ಎಂದರ್ಥ. ಆರೂ ಜನ 3 ಹಾಕಿದರೆ ಐ-ಸಿವಿಐ 1.00. ಆರೂ ಜನ ತಿದ್ದಿ ಎಂದರು, ಲೆಕ್ಕ ಮಾತ್ರ ಪೂರ್ಣಾಂಕ ಕೊಟ್ಟಿತು. ಅಂಥ ಸಾಲುಗಳನ್ನು ಕಣ್ಣಾರೆ ನೋಡಿಯೇ ಹಿಡಿಯಬೇಕು.

ಸಿವಿಐಗೆ ಕಾಣದ ಇನ್ನೊಂದು ವಿಷಯ ಹಾಳೆಯಲ್ಲಿ ಇಲ್ಲದೇ ಇರುವುದು. ಅದು ಇರುವ ಹೇಳಿಕೆಗಳಿಗೆ ಅಂಕ ಕೊಡಿಸುತ್ತದೆ, ಬಿಟ್ಟುಹೋದದ್ದರ ಸುದ್ದಿ ಎತ್ತುವುದಿಲ್ಲ. ಹಾಗಾಗಿ ಹಾಳೆಯ ಕೊನೆಗೆ "ಯಾವ ವಿಷಯ ಬಿಟ್ಟುಹೋಗಿದೆ?" ಎಂದು ಕೇಳಿ ನಾಲ್ಕು ಖಾಲಿ ಗೆರೆ ಎಳೆಯಿರಿ. ನಮ್ಮ ಉದಾಹರಣೆಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಮತ್ತು ಗಾಯದ ಆರೈಕೆಯ ನರ್ಸ್ ಇಬ್ಬರೂ ಒಂದೇ ಮಾತು ಬರೆದರು. ಆಕ್ಸಿಜನ್ ಮಾಸ್ಕ್, ರೈಲ್ಸ್ ಟ್ಯೂಬ್ ಇವುಗಳ ಒತ್ತಡದಿಂದ ಮೂಗಿನ ಮೇಲೆ, ಕಿವಿಯ ಹಿಂದೆ ಆಗುವ ಗಾಯದ ಬಗ್ಗೆ ಒಂದೂ ಹೇಳಿಕೆಯಿಲ್ಲ. ಹತ್ತಕ್ಕೆ ಹತ್ತೂ 1.00 ಬಂದಿದ್ದರೂ ಈ ಕೊರತೆ ಹಾಗೇ ಇರುತ್ತಿತ್ತು. "ಉಪಕರಣದ ಕೆಳಗಿನ ಚರ್ಮವನ್ನು ಪರೀಕ್ಷಿಸಲು ಅದನ್ನು ಸಡಿಲಿಸುವುದು ಕಷ್ಟವಾಗುತ್ತದೆ" ಎಂಬ ಹೊಸ ಹೇಳಿಕೆ ಸೇರಿಸಿದೆವು.

ಈಗ ಒಟ್ಟು ಹನ್ನೊಂದು. ಮುಟ್ಟದೆ ಉಳಿದವು ಏಳು. ತಿದ್ದಿದ ಮೂರನೆಯದು, ಹತ್ತನೆಯದರ ಎರಡು ತುಂಡುಗಳು, ಹೊಸದೊಂದು, ಹೀಗೆ ನಾಲ್ಕನ್ನು ಮಂಡಳಿಗೆ ಮತ್ತೆ ಕಳಿಸಬೇಕು. ಈ ಎರಡನೇ ಸುತ್ತನ್ನು ಬಿಟ್ಟು, ತಿದ್ದಿದ ಹೇಳಿಕೆಗೆ ಹಳೆಯ ಅಂಕವನ್ನೇ ಅಂಟಿಸುವವರಿದ್ದಾರೆ. ತಜ್ಞರು ನೋಡಿದ್ದು ಒಂದು ವಾಕ್ಯ, ನರ್ಸ್‌ಗಳು ಉತ್ತರಿಸುವುದು ಇನ್ನೊಂದು ವಾಕ್ಯ, ಹೀಗಾದರೆ ಆ ಅಂಕ ಯಾರದು? ಎರಡನೇ ಸುತ್ತಿಗೆ ಮೊದಲಿನವರಲ್ಲೇ ಮೂರರಿಂದ ಐದು ಜನ ಸಾಕು.

ನಮ್ಮ ಸರ್ಜನ್ ಈ ಸಲ ಉತ್ತರಿಸಲಿಲ್ಲ, ಐವರು ಉತ್ತರಿಸಿದರು. ಮೂರು ಹೇಳಿಕೆಗಳಿಗೆ ಐವರದ್ದೂ ಒಪ್ಪಿಗೆ. ಉಪಕರಣದ ಹೇಳಿಕೆಗೆ ನಾಲ್ವರು, 0.80. ಸೂಪರಿಂಟೆಂಡೆಂಟ್ 2 ಕೊಟ್ಟು "ಇದು ಐಸಿಯು ವಿಷಯ, ವಾರ್ಡಿನದಲ್ಲ" ಎಂದು ಬರೆದಿದ್ದಾರೆ. ಇಲ್ಲಿ ನಿಯಮಗಳೇ ಜಗಳವಾಡುತ್ತವೆ. ಐವರಿದ್ದಾಗ ಎಲ್ಲರೂ ಒಪ್ಪಬೇಕು ಎನ್ನುವ ಲಿನ್ ಪ್ರಕಾರ ಇದು ಫೇಲು. ಕಪ್ಪಾ ಲೆಕ್ಕ ಹಾಕಿದರೆ 0.76, ಅತ್ಯುತ್ತಮದ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ಯಾವುದು ಅನುಕೂಲವೋ ಅದನ್ನು ಹಿಡಿಯುವುದು ಸುಲಭ, ಆದರೆ ನಾನು ಮತ್ತೆ ಆ ಟೀಕೆಗೇ ಹೋಗುತ್ತೇನೆ. ನಮ್ಮ ಅಧ್ಯಯನದಲ್ಲಿ ಐಸಿಯು ನರ್ಸ್‌ಗಳೂ ಇದ್ದಾರೆ, ಆಕ್ಸಿಜನ್ ಮಾಸ್ಕ್ ಮೆಡಿಕಲ್ ವಾರ್ಡಿನಲ್ಲೂ ಇರುತ್ತದೆ. ಹಾಗಾಗಿ ಹೇಳಿಕೆಯನ್ನು ಉಳಿಸುತ್ತೇನೆ, ಉಳಿಸಿದ ಕಾರಣವನ್ನು ಅಧ್ಯಾಯದಲ್ಲಿ ಬರೆಯುತ್ತೇನೆ. ಅಧ್ಯಯನ ಬರೀ ಜನರಲ್ ವಾರ್ಡಿನದ್ದಾಗಿದ್ದರೆ ಸೂಪರಿಂಟೆಂಡೆಂಟ್ ಜೊತೆ ಇನ್ನೊಮ್ಮೆ ಮಾತಾಡದೆ ಉಳಿಸುತ್ತಿರಲಿಲ್ಲ.

ಹನ್ನೊಂದು ಹೇಳಿಕೆಗಳ ಸರಾಸರಿ ಈಗ 0.97, ಸರ್ವಸಮ್ಮತಿ 9/11, ಅಂದರೆ 0.82. ಏಳರ ಅಂಕ ಆರು ಜನರಿಂದ, ನಾಲ್ಕರದ್ದು ಐದು ಜನರಿಂದ ಬಂದದ್ದು ಎಂಬುದನ್ನೂ ಜೊತೆಗೇ ಹೇಳಬೇಕು. ಈ 0.97 ನೋಡಿ ಪ್ರಶ್ನಾವಳಿ ಎಲ್ಲ ರೀತಿಯಲ್ಲೂ ಸಿದ್ಧವಾಯಿತು ಎಂದುಕೊಳ್ಳಬೇಡಿ. ನರ್ಸ್‌ಗಳು ಹೇಳಿಕೆಗಳನ್ನು ನಾವು ಅಂದುಕೊಂಡಂತೆಯೇ ಅರ್ಥಮಾಡಿಕೊಳ್ಳುತ್ತಾರೆಯೇ ಎಂಬುದು ಪೈಲಟ್ ಅಧ್ಯಯನದಲ್ಲಿ ತಿಳಿಯುತ್ತದೆ, ರಿಲಯಬಿಲಿಟಿಗೆ ಅದರದೇ ಲೆಕ್ಕ ಇದೆ. ತಜ್ಞರ ಅಂಕ ಅವೆರಡರ ಜಾಗವನ್ನೂ ತುಂಬುವುದಿಲ್ಲ.

ಟೂಲನ್ನು ಇಂಗ್ಲಿಷಿನಲ್ಲಿ ಬರೆದು, ತಜ್ಞರಿಗೆ ಇಂಗ್ಲಿಷ್ ಪ್ರತಿ ಕಳಿಸಿ, ಆಮೇಲೆ ಕನ್ನಡಕ್ಕೆ ಮಾಡಿಸಿ ಭಾಷೆಯ ಸರ್ಟಿಫಿಕೇಟ್ ಪಡೆಯುವವರಿಗೆ ಒಂದು ಮಾತು. ನಿಮ್ಮ ಸಿವಿಐ ಇಂಗ್ಲಿಷ್ ಪ್ರತಿಯದ್ದು, ದತ್ತಾಂಶ ಸಂಗ್ರಹಿಸುವುದು ಕನ್ನಡ ಪ್ರತಿಯಲ್ಲಿ. ಕನ್ನಡ ಓದಬಲ್ಲ ತಜ್ಞರಿಗೆ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಕೊಟ್ಟು, ಕೈಗೆ ಹೋಗುವ ಪ್ರತಿಗೇ ಅಂಕ ಕೇಳಿ.

ಇಷ್ಟೆಲ್ಲ ಆದಮೇಲೆ ಅಧ್ಯಾಯದಲ್ಲಿ ಬರೆಯಬೇಕಾದದ್ದು ಒಂದು ಪ್ಯಾರಾ. ಹೆಚ್ಚುಕಡಿಮೆ ಹೀಗೆ: "ಹತ್ತು ಹೇಳಿಕೆಗಳ ಪ್ರಸ್ತುತತೆಗೆ ಆರು ತಜ್ಞರು ನಾಲ್ಕು ಅಂಕದ ಮಾಪಕದಲ್ಲಿ ಅಂಕ ನೀಡಿದರು. ಮೊದಲ ಸುತ್ತಿನಲ್ಲಿ ಐ-ಸಿವಿಐ 0.50ರಿಂದ 1.00ರವರೆಗೆ ಇತ್ತು, ಎಸ್-ಸಿವಿಐ ಸರಾಸರಿ ವಿಧಾನದಲ್ಲಿ 0.88, ಸರ್ವಸಮ್ಮತಿ ವಿಧಾನದಲ್ಲಿ 0.60. ಒಂದು ಹೇಳಿಕೆಯನ್ನು ವ್ಯಾಖ್ಯೆಯ ಹೊರಗಿದೆ ಎಂದು ತೆಗೆಯಲಾಯಿತು, ಒಂದನ್ನು ಎರಡಾಗಿ ಒಡೆಯಲಾಯಿತು. ಐ-ಸಿವಿಐ 0.83 ಇದ್ದ ಒಂದನ್ನು ತಜ್ಞರೊಬ್ಬರ ವೈದ್ಯಕೀಯ ಆಕ್ಷೇಪದ ಮೇರೆಗೆ ತಿದ್ದಲಾಯಿತು, ಬಿಟ್ಟುಹೋದ ವಿಷಯದ ಒಂದನ್ನು ಸೇರಿಸಲಾಯಿತು. ಈ ನಾಲ್ಕಕ್ಕೆ ಐದು ತಜ್ಞರು ಎರಡನೇ ಸುತ್ತಿನಲ್ಲಿ ಅಂಕ ನೀಡಿದರು. ಅವುಗಳ ಐ-ಸಿವಿಐ 0.80ರಿಂದ 1.00." ಅಂತಿಮ ಅಂಕಿಗಳು ಇದರ ಕೆಳಗೆ ಬರಲಿ. ಸರ್ಟಿಫಿಕೇಟುಗಳ ಹಿಂದೆ, ಹೆಸರು ತೆಗೆದು, ತಜ್ಞರ ಅಂಕಗಳ ಪೂರ್ಣ ಕೋಷ್ಟಕವನ್ನು ಲಗತ್ತಿಸಿ. ವೈವಾಕ್ಕೆ ಬಂದಾಗ ನಾನು ಮೊದಲು ತೆರೆಯುವುದು ಆ ಪುಟವನ್ನು.

ಇತಿ,
ನಿಮ್ಮ ಟೂಲುಗಳಿಗೆ ಅಂಕ ಹಾಕುವ ಒಬ್ಬ ನರ್ಸಿಂಗ್ ಬೋಧಕಿ